ಮೊದಲ ಆನ್‌ಲೈನ್ ಆರ್ಡರ್: ವಿಳಾಸದಿಂದ ಬಾಗಿಲವರೆಗೆ

ಅಂಗಡಿಗೆ ಹೋದವರು ಬೇಕಾದ ಸಾಮಾನು ಆರಿಸುತ್ತಾರೆ, ದುಡ್ಡು ಕೊಡುತ್ತಾರೆ, ಚೀಲಕ್ಕೆ ಹಾಕಿಕೊಂಡು ಮನೆಗೆ ಬರುತ್ತಾರೆ. ಆನ್‌ಲೈನ್ ಖರೀದಿಯಲ್ಲಿ ಮೊದಲಿನ ಎರಡು ಕೆಲಸ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತವೆ. ಮೂರನೆಯದು ಮಾತ್ರ ಬೇರೆಯವರ ಪಾಲಾಗುತ್ತದೆ, ಆ ಚೀಲ ಹೊತ್ತು ತರುವವರಿಗೆ ಮನೆ ಎಲ್ಲಿದೆಯೆಂದು ಗೊತ್ತಿರುವುದಿಲ್ಲ. ಹೊಸಬರ ಆರ್ಡರ್ ಎಡವಟ್ಟಾಗುವುದು ಬಹಳ ಸಲ ಇದೇ ಜಾಗದಲ್ಲಿ. ವಸ್ತು ಸರಿ ಇರುತ್ತದೆ, ಹಣವೂ ಸರಿ ಇರುತ್ತದೆ, ಪಾರ್ಸೆಲ್ ಮಾತ್ರ ಇನ್ನೆಲ್ಲಿಗೋ ಹೋಗಿರುತ್ತದೆ.

ಇಡೀ ಕ್ರಮವನ್ನು ಒಂದು ಚಿಕ್ಕ ಉದಾಹರಣೆಯ ಜೊತೆ ನೋಡಿದರೆ ಸುಲಭವಾಗಿ ತಿಳಿಯುತ್ತದೆ. ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಒಬ್ಬರೇ ಇರುವ ಎಪ್ಪತ್ತರ ಆಸುಪಾಸಿನ ನಿವೃತ್ತ ಶಿಕ್ಷಕಿಯೊಬ್ಬರಿಗೆ ಐದು ಲೀಟರ್ ಕುಕ್ಕರಿನ ಗ್ಯಾಸ್ಕೆಟ್ ಬೇಕಾಗಿದೆ ಎಂದುಕೊಳ್ಳೋಣ. ಅವರ ಮಗ ಇರುವುದು ಬೆಂಗಳೂರಿನಲ್ಲಿ. ಕಳೆದ ಸಲ ಊರಿಗೆ ಬಂದಾಗ ಅಮ್ಮನ ಫೋನಿನಲ್ಲಿ ಶಾಪಿಂಗ್ ಆ್ಯಪ್ ಹಾಕಿಕೊಟ್ಟು ಹೋಗಿದ್ದಾನೆ. ಮೊದಲ ಆರ್ಡರಿಗೆ ಇಂಥ ಕಡಿಮೆ ಬೆಲೆಯ ವಸ್ತುವೇ ಒಳ್ಳೆಯದು. ತಪ್ಪಾದರೂ ನಷ್ಟ ಸಣ್ಣದು, ಕ್ರಮ ಮಾತ್ರ ಫ್ರಿಜ್ ತರಿಸುವಾಗಿನದೇ.

ಖಾತೆ ಮತ್ತು ಒಟಿಪಿ

ಆ್ಯಪ್ ಇಲ್ಲದವರು ಅದನ್ನು ಫೋನಿನಲ್ಲಿರುವ ಪ್ಲೇ ಸ್ಟೋರಿನಿಂದಲೇ ಇಳಿಸಿಕೊಳ್ಳಬೇಕು. ವಾಟ್ಸ್ಆ್ಯಪಿನಲ್ಲಿ ಯಾರೋ ಕಳಿಸಿದ ಲಿಂಕ್ ಒತ್ತಿ ಹಾಕಿಕೊಂಡದ್ದು ಹೆಸರು, ಬಣ್ಣ, ಗುರುತು ಎಲ್ಲದರಲ್ಲೂ ಅಸಲಿಯಂತೆ ಕಂಡರೂ ನಕಲಿಯಾಗಿರಬಹುದು.

ಆ್ಯಪ್ ತೆರೆದಾಗ ಅದು ಮೊದಲು ಮೊಬೈಲ್ ನಂಬರ್ ಕೇಳುತ್ತದೆ. ನಂಬರ್ ಹಾಕಿದ ಸ್ವಲ್ಪ ಹೊತ್ತಿಗೆ ಅದೇ ಫೋನಿಗೆ ಕೆಲವು ಅಂಕಿಗಳ ಒಂದು ಸಂಖ್ಯೆ ಎಸ್‌ಎಂಎಸ್ ಆಗಿ ಬರುತ್ತದೆ. ಅದೇ ಒಟಿಪಿ. ಕೆಲವೇ ನಿಮಿಷ ಚಾಲ್ತಿಯಲ್ಲಿದ್ದು, ಒಮ್ಮೆ ಬಳಸಿದ ಮೇಲೆ ಕೆಲಸಕ್ಕೆ ಬಾರದ ಗುಟ್ಟಿನ ಸಂಖ್ಯೆ ಅದು. ಫೋನ್ ಯಾರ ಕೈಯಲ್ಲಿದೆಯೋ ಅವರೇ ಖಾತೆ ತೆರೆಯುತ್ತಿದ್ದಾರೆ ಎಂಬುದಕ್ಕೆ ಅದು ಸಾಕ್ಷಿ. ಇಲ್ಲಿ ಖಾತೆಯ ಒಡೆಯರೇ ಅದನ್ನು ಕೇಳಿ ತರಿಸಿಕೊಂಡಿದ್ದಾರೆ, ಅವರೇ ಆ್ಯಪಿನಲ್ಲಿ ಬರೆಯುತ್ತಾರೆ. ಯಾರೋ ಕರೆ ಮಾಡಿ ‘ನಿಮಗೊಂದು ನಂಬರ್ ಬಂದಿದೆ, ಹೇಳಿ’ ಎಂದರೆ ಆಗ ಬಾಗಿಲು ತೆರೆಯುತ್ತಿರುವವರು ಬೇರೆ ಯಾರೋ ಎಂದೇ ಅರ್ಥ.

ಮಗನದೋ ಮಗಳದೋ ನಂಬರ್ ಹಾಕಿ ಖಾತೆ ತೆರೆಯುವುದು ಮನೆಮನೆಯಲ್ಲೂ ನಡೆಯುತ್ತದೆ. ಹಾಗಾದಾಗ ಒಟಿಪಿ, ಡೆಲಿವರಿಯ ಸಂದೇಶ, ಡೆಲಿವರಿಯವರ ಕರೆ ಎಲ್ಲವೂ ಅವರಿಗೇ ಹೋಗುತ್ತವೆ. ಪಾರ್ಸೆಲ್ ತಂದವರು ಸಾಗರದ ಗೇಟಿನ ಮುಂದೆ ನಿಂತು ಫೋನ್ ಮಾಡಿದರೆ ಅದು ಬೆಂಗಳೂರಿನ ಮೀಟಿಂಗಿನಲ್ಲಿ ಸದ್ದಿಲ್ಲದೆ ಮಿನುಗುತ್ತಿರುತ್ತದೆ. ವಸ್ತು ಯಾರ ಮನೆಗೆ ಬರಬೇಕೋ ಅವರ ನಂಬರಿನಲ್ಲೇ ಖಾತೆ ಇರುವುದು ಮೇಲು.

ಭಾಷೆಯ ತೊಡಕು ಈಗ ಅಷ್ಟಿಲ್ಲ. ಫ್ಲಿಪ್‌ಕಾರ್ಟ್ ಮತ್ತು ಅಮೆಜಾನ್ ಎರಡೂ 2020ರಲ್ಲೇ ಕನ್ನಡವನ್ನು ಸೇರಿಸಿವೆ. ಆ್ಯಪಿನ ಸೆಟ್ಟಿಂಗಿನಲ್ಲಿ ಭಾಷೆಯ ಆಯ್ಕೆಗೆ ಹೋಗಿ ಕನ್ನಡ ಒತ್ತಿದರೆ ಗುಂಡಿಗಳ ಹೆಸರು, ಸೂಚನೆ ಬಹುಪಾಲು ಕನ್ನಡದಲ್ಲಿ ಬರುತ್ತವೆ. ಆದರೂ ಕೆಲವು ಮಾತುಗಳು ಇಂಗ್ಲಿಷಿನಲ್ಲೇ ಉಳಿದಿರುವುದರಿಂದ ಮುಖ್ಯವಾದ ಗುಂಡಿಗಳನ್ನು ಇಲ್ಲಿ ಪರದೆಯ ಮೇಲೆ ಕಾಣುವಂತೆಯೇ ಬರೆದಿದೆ.

ವಸ್ತುವಿನ ಪುಟ ಓದುವ ಬಗೆ

ಮೇಲಿನ ಹುಡುಕುವ ಪಟ್ಟಿಯಲ್ಲಿ ವಸ್ತುವಿನ ಹೆಸರು ಬರೆಯಬೇಕು. ಬರೆಯುವುದು ಕಷ್ಟವಾದರೆ ಪಕ್ಕದ ಮೈಕಿನ ಗುರುತು ಒತ್ತಿ ಹೇಳಿದರೂ ಆಗುತ್ತದೆ. ಬರೀ ‘ಕುಕ್ಕರ್ ಗ್ಯಾಸ್ಕೆಟ್’ ಎಂದರೆ ನೂರಾರು ಬಗೆಯವು ಬಂದು ಬೀಳುತ್ತವೆ. ಕುಕ್ಕರಿನ ಕಂಪನಿ, ಎಷ್ಟು ಲೀಟರ್, ಮುಚ್ಚಳ ಒಳಗೆ ಕೂರುವಂಥದೋ ಹೊರಗೆ ಕೂರುವಂಥದೋ ಎಂಬ ಮೂರನ್ನೂ ಸೇರಿಸಿ ಹುಡುಕಿದರೆ ಪಟ್ಟಿ ಸಣ್ಣದಾಗುತ್ತದೆ. ಐದು ಲೀಟರಿನ ಎರಡು ಕುಕ್ಕರ್‌ಗಳಿಗೆ ಒಂದೇ ಗ್ಯಾಸ್ಕೆಟ್ ಕೂರಬೇಕೆಂದೇನಿಲ್ಲ. ಹಳೆಯ ಗ್ಯಾಸ್ಕೆಟ್ ಎದುರಿಗಿಟ್ಟುಕೊಂಡು, ಅದರ ಮೇಲೆ ಅಚ್ಚಾಗಿರುವ ಅಕ್ಷರ, ಅಂಕಿಗಳನ್ನು ಪುಟದಲ್ಲಿ ಕೊಟ್ಟ ವಿವರದ ಜೊತೆ ಹೋಲಿಸಿ ನೋಡಬೇಕು.

ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಕಾಣುವುದು ಎಲ್ಲಕ್ಕಿಂತ ಒಳ್ಳೆಯದೆಂದು ಅರ್ಥವಲ್ಲ. ಅಲ್ಲಿ ಸಣ್ಣ ಅಕ್ಷರದಲ್ಲಿ Sponsored ಎಂದಿದ್ದರೆ ಅದು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ಪುಟ ತೆರೆದ ಮೇಲೆ ಬೆಲೆಯ ಜೊತೆಗೆ ಇನ್ನೂ ಎರಡನ್ನು ಓದಬೇಕು. ಒಂದು, ವಾಪಸಿನ ನಿಯಮ. ಎಷ್ಟು ದಿನದೊಳಗೆ ಹಿಂದಿರುಗಿಸಬಹುದು, ಹಣ ವಾಪಸ್ ಬರುತ್ತದೆಯೋ ಬದಲಿ ವಸ್ತುವಷ್ಟೇ ಸಿಗುತ್ತದೆಯೋ ಎಂಬುದು ವಸ್ತುವಿನಿಂದ ವಸ್ತುವಿಗೆ ಬೇರೆ. ಇನ್ನೊಂದು, ಡೆಲಿವರಿಯ ದಿನ. ಇದು ಪಿನ್‌ಕೋಡನ್ನು ಅವಲಂಬಿಸಿರುತ್ತದೆ. ಬೆಂಗಳೂರಿಗೆ ‘ನಾಳೆ’ ಎನ್ನುವ ಪುಟ ಸಾಗರಕ್ಕೆ ‘ಶುಕ್ರವಾರ’ ಎನ್ನಬಹುದು, ಒಳಗಿನ ಹಳ್ಳಿಗೆ ‘ಇಲ್ಲಿಗೆ ಡೆಲಿವರಿ ಇಲ್ಲ’ ಎಂದೂ ಹೇಳಬಹುದು.

ನಮ್ಮ ಶಿಕ್ಷಕಿಯ ಫೋನಿನಲ್ಲಿ ಗ್ಯಾಸ್ಕೆಟ್ ‘ನಾಳೆ’ ಬರುತ್ತದೆ ಎಂದು ತೋರಿಸುತ್ತಿದೆ. ಖುಷಿಪಡುವ ಸಂಗತಿಯೇನೋ ಹೌದು. ಆದರೆ ಸಾಗರದಂಥ ಊರಿಗೆ ಒಂದೇ ದಿನದಲ್ಲಿ ಬರುತ್ತದೆ ಎನ್ನುವುದೇ ಅನುಮಾನಕ್ಕೆ ಮೊದಲ ಕಾರಣ. ಯಾವ ಊರಿಗೆ ನಾಳೆ ಎಂಬುದನ್ನು ನೋಡಬೇಕು.

ವಿಳಾಸ

ಆ್ಯಪಿನ ಮೇಲ್ಭಾಗದಲ್ಲಿ, ಹುಡುಕುವ ಪಟ್ಟಿಯ ಹತ್ತಿರ, Deliver to ಎಂಬ ಸಣ್ಣ ಸಾಲೊಂದು ಇರುತ್ತದೆ. ಅದರಲ್ಲಿ ಹೆಸರು, ಊರು, ಪಿನ್‌ಕೋಡ್ ಕಾಣಿಸುತ್ತವೆ. ಆ್ಯಪ್ ಈಗ ಯಾವ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಲೆ, ದಿನ ಹೇಳುತ್ತಿದೆ ಎಂಬುದು ಆ ಸಾಲಿನಿಂದ ತಿಳಿಯುತ್ತದೆ. ಶಿಕ್ಷಕಿಯ ಫೋನಿನಲ್ಲಿ ಅಲ್ಲಿದ್ದದ್ದು 560ರಿಂದ ಶುರುವಾಗುವ ಸಂಖ್ಯೆ. ಮಗ ಖಾತೆ ತೆರೆಯುವಾಗ ತನ್ನ ಬೆಂಗಳೂರಿನ ಮನೆಯನ್ನೇ ಮೊದಲ ವಿಳಾಸವಾಗಿ ಹಾಕಿದ್ದ. ಬೇರೆ ಆರಿಸುವ ತನಕ ಆ್ಯಪ್ ಅದನ್ನೇ ಹಿಡಿದುಕೊಂಡಿರುತ್ತದೆ.

ಪಿನ್‌ಕೋಡಿನ ಅಂಕಿಗಳಿಗೆ ಅರ್ಥವಿದೆ. ಅಂಚೆ ಇಲಾಖೆ ಈ ಪದ್ಧತಿಯನ್ನು 1972ರ ಆಗಸ್ಟ್ 15ರಂದು ಜಾರಿಗೆ ತಂದಿತು. ಆರು ಅಂಕಿಗಳಲ್ಲಿ ಮೊದಲನೆಯದು ದೇಶದ ವಲಯ. ಮೊದಲ ಎರಡು ಅಂಕಿ 56ರಿಂದ 59ರೊಳಗಿದ್ದರೆ ಕರ್ನಾಟಕ. ಮೊದಲ ಮೂರನ್ನು ಸೇರಿಸಿದರೆ ಪತ್ರಗಳನ್ನು ವಿಂಗಡಿಸುವ ಪ್ರದೇಶ ಸಿಗುತ್ತದೆ: 560 ಎಂದರೆ ಬೆಂಗಳೂರು, 577 ಎಂದರೆ ಶಿವಮೊಗ್ಗದ ಸುತ್ತಿನ ಸೀಮೆ. ಕೊನೆಯ ಮೂರು ಅಂಕಿ ಆ ಪ್ರದೇಶದೊಳಗಿನ ಅಂಚೆ ಕಚೇರಿಯದು. ಸಾಗರದ್ದು 577401. ಇದರಲ್ಲಿ ಮೂರನೆಯ ಅಂಕಿಯನ್ನು 7ರ ಬದಲು 1 ಎಂದು ಒತ್ತಿದರೆ 571401 ಆಗುತ್ತದೆ, ಅದು ಮಂಡ್ಯ. ಪಾರ್ಸೆಲ್ ವಿಂಗಡಣೆ ಪಿನ್‌ಕೋಡನ್ನು ಹಿಡಿದೇ ನಡೆಯುವುದರಿಂದ ಕೆಳಗೆ ‘ಸಾಗರ’ ಎಂದು ಎಷ್ಟು ಚೆನ್ನಾಗಿ ಬರೆದಿದ್ದರೂ ಗ್ಯಾಸ್ಕೆಟ್ ಮೊದಲು ಮಂಡ್ಯದ ದಾರಿ ಹಿಡಿಯಬಹುದು.

ಈ ತಪ್ಪನ್ನು ಹಿಡಿಯಲು ಸುಲಭದ ಉಪಾಯವೊಂದಿದೆ. ವಿಳಾಸದ ಫಾರ್ಮಿನಲ್ಲಿ ಪಿನ್‌ಕೋಡ್ ತುಂಬಿದ ಕೂಡಲೇ ಬಹುತೇಕ ಆ್ಯಪ್‌ಗಳು ಊರು ಮತ್ತು ರಾಜ್ಯದ ಹೆಸರನ್ನು ತಾವೇ ತುಂಬಿಕೊಳ್ಳುತ್ತವೆ. ಅಲ್ಲಿ ಬಂದ ಹೆಸರನ್ನು ಓದಬೇಕು. ‘ಮಂಡ್ಯ’ ಎಂದು ಬಂದರೆ ಎಲ್ಲೋ ಅಂಕಿ ತಪ್ಪಿದೆ. ಬಂದ ಹೆಸರನ್ನು ಅಳಿಸಿ ‘ಸಾಗರ’ ಎಂದು ಬರೆದರೆ ಸಾಲದು, ಸರಿಪಡಿಸಬೇಕಾದದ್ದು ಅಂಕಿಯನ್ನು. ಪಿನ್‌ಕೋಡ್ ಖಚಿತವಿಲ್ಲದವರು ಬ್ಯಾಂಕಿನಿಂದ ಬಂದ ಪತ್ರವನ್ನೋ ಆಧಾರ್ ಕಾರ್ಡನ್ನೋ ನೋಡಿಕೊಳ್ಳಬಹುದು. ಮನೆ ಬದಲಾಯಿಸಿದ್ದರೆ ಮಾತ್ರ ಆಧಾರಿನಲ್ಲಿ ಹಳೆಯ ಪಿನ್ ಉಳಿದಿರಬಹುದು.

ಹೊಸ ವಿಳಾಸ ಸೇರಿಸಲು Add new address ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿದಾಗ ಬರುವ ಫಾರ್ಮಿನಲ್ಲಿ ‘ಈಗಿರುವ ಜಾಗ ಬಳಸಿ’ ಎಂಬ ಆಯ್ಕೆಯೂ ಕಾಣುತ್ತದೆ. ಫೋನ್ ಇರುವ ಜಾಗವನ್ನು ಉಪಗ್ರಹದ ನೆರವಿನಿಂದ ಗುರುತಿಸಿ ವಿಳಾಸವನ್ನು ತಾನೇ ತುಂಬುವ ವ್ಯವಸ್ಥೆ ಅದು. ಬರೆಯುವ ಶ್ರಮ ತಪ್ಪುವುದು ನಿಜ. ಆದರೆ ಮಗಳ ಮನೆಯಲ್ಲೋ ಆಸ್ಪತ್ರೆಯಲ್ಲೋ ಕುಳಿತು ಅದನ್ನು ಒತ್ತಿದರೆ ಅಲ್ಲಿಯದೇ ವಿಳಾಸ ಬರುತ್ತದೆ. ಸ್ವಂತ ಮನೆಯಲ್ಲೇ ಒತ್ತಿದರೂ ಹಿಂದಿನ ಬೀದಿಯ ಹೆಸರು ಬಂದೀತು. ಇದನ್ನು ಬಳಸಿದವರು ತುಂಬಿಕೊಂಡದ್ದನ್ನು ಸಾಲು ಸಾಲಾಗಿ ಓದಿ ತಿದ್ದಬೇಕು.

ಇನ್ನು ಬರೆಯುವ ಬಗೆ. ಪಿನ್‌ಕೋಡ್ ಪಾರ್ಸೆಲನ್ನು ಊರಿನ ತನಕ ತರುತ್ತದೆ. ಅಲ್ಲಿಂದ ಮನೆಯ ತನಕ ತರುವುದು ಉಳಿದ ಸಾಲುಗಳು. ನಮ್ಮ ಊರುಗಳಲ್ಲಿ ಮನೆ ಹುಡುಕುವುದು ನಂಬರಿನಿಂದ ಅಲ್ಲ, ಗುರುತಿನಿಂದ. ಹಾಗಾಗಿ ಗುರುತಿನ ಸಾಲಿಗೆ, ಅಂದರೆ Landmark ಎಂಬ ಖಾನೆಗೆ, ಹೆಚ್ಚು ಗಮನ ಕೊಡಬೇಕು. ‘ದೇವಸ್ಥಾನದ ಹತ್ತಿರ’ ಎಂದರೆ ಯಾವ ದೇವಸ್ಥಾನ, ಯಾವ ಕಡೆ ಹತ್ತಿರ ಎಂಬ ಪ್ರಶ್ನೆ ಉಳಿಯುತ್ತದೆ. ಶಿಕ್ಷಕಿ ಮೊದಲು ಬರೆದದ್ದು ಹೀಗಿತ್ತು: ‘ಶ್ರೀನಿಧಿ, ಮಾರಿಗುಡಿ ಹತ್ತಿರ, ಸಾಗರ’. ಅಂಚೆಯಣ್ಣನಿಗೆ ಇಷ್ಟು ಸಾಕು, ಅವನಿಗೆ ಟೀಚರ್ ಮನೆ ಗೊತ್ತು. ಈ ತಿಂಗಳಷ್ಟೇ ಕೆಲಸಕ್ಕೆ ಸೇರಿದ ಡೆಲಿವರಿ ಹುಡುಗನಿಗೆ ಸಾಲದು. ತಿದ್ದಿದ ಮೇಲೆ ಅದು ಹೀಗಾಯಿತು:

‘ಶ್ರೀನಿಧಿ’ (ಹಸಿರು ಗೇಟ್, ಕೆಳಮನೆ)
ಮಾರಿಕಾಂಬಾ ದೇವಸ್ಥಾನದ ಹಿಂದಿನ ರಸ್ತೆ, ಎಡಕ್ಕೆ ಎರಡನೇ ಅಡ್ಡರಸ್ತೆ
ಗುರುತು: ಹಿಟ್ಟಿನ ಗಿರಣಿಯ ಎದುರು
ಸಾಗರ, ಶಿವಮೊಗ್ಗ ಜಿಲ್ಲೆ, 577401

ಮೊದಲ ಸಾಲಿನಲ್ಲಿ ಮನೆ, ಎರಡನೆಯದರಲ್ಲಿ ದಾರಿ, ಮೂರನೆಯದರಲ್ಲಿ ಯಾರನ್ನು ಕೇಳಿದರೂ ತೋರಿಸುವ ಗುರುತು. ಗೇಟಿನ ಬಣ್ಣ, ಕೆಳಮನೆಯೋ ಮಹಡಿಯೋ ಎಂಬ ಒಂದು ಮಾತು ಅಪರಿಚಿತರಿಗೆ ತುಂಬ ಸಹಾಯ ಮಾಡುತ್ತದೆ. ಮುಚ್ಚಿಹೋದ ಟಾಕೀಸು, ಕಡಿದುಹೋದ ಆಲದ ಮರ ಊರವರಿಗೆ ಇಂದಿಗೂ ಗುರುತೇ, ಹೊಸಬರಿಗೆ ಅಲ್ಲ. ವಿಳಾಸವನ್ನು ಕನ್ನಡದಲ್ಲಿ ಬರೆಯಬಹುದೇ ಎಂಬ ಪ್ರಶ್ನೆ ಸಹಜ. ಪಾರ್ಸೆಲ್ ಹೊರ ರಾಜ್ಯದ ಗೋದಾಮಿನಿಂದ ಹೊರಟು ಹಲವರ ಕೈ ದಾಟಿ ಬರಬಹುದಾದ್ದರಿಂದ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಓದುವವರಿಗೆ ಅನುಕೂಲ. ಮಾತು ಕನ್ನಡದ್ದೇ ಇರಲಿ. ‘ಹಿಟ್ಟಿನ ಗಿರಣಿ’ಯನ್ನು Hittina Girani ಎಂದು ಬರೆದರೆ ಅದನ್ನೇ ಬೀದಿಯಲ್ಲಿ ಓದಿ ಕೇಳಬಹುದು.

ಫೋನ್ ನಂಬರಿನ ಖಾನೆಯೂ ವಿಳಾಸದ ಭಾಗವೇ. ಖಾತೆ ಯಾರದೇ ಇರಲಿ, ಇಲ್ಲಿ ಪಾರ್ಸೆಲ್ ತೆಗೆದುಕೊಳ್ಳುವವರ ನಂಬರ್ ಇರಬೇಕು. ಕೆಲವು ಆ್ಯಪ್‌ಗಳು ಎರಡನೆಯ ನಂಬರಿಗೂ ಜಾಗ ಕೊಡುತ್ತವೆ. ಕಿವಿ ಮಂದವಿರುವವರು, ಮಧ್ಯಾಹ್ನ ಮಲಗುವವರು ಅಲ್ಲಿ ಪಕ್ಕದ ಮನೆಯವರನ್ನು ಕೇಳಿ ಅವರ ನಂಬರ್ ಕೊಟ್ಟಿರಬಹುದು. ಎಲ್ಲ ತುಂಬಿ ಉಳಿಸಿದ ಮೇಲೆ ಇದೇ ವಿಳಾಸವನ್ನು ಮೊದಲ ಆಯ್ಕೆಯಾಗಿ ಇಟ್ಟುಬಿಟ್ಟರೆ ಮುಂದಿನ ಸಲ ಬೆಂಗಳೂರಿನ ಮನೆ ತಾನಾಗಿ ಎದ್ದು ಬರುವುದಿಲ್ಲ.

ಶಿಕ್ಷಕಿ ವಿಳಾಸ ಬದಲಿಸಿದ ತಕ್ಷಣ ಪುಟದಲ್ಲಿದ್ದ ‘ನಾಳೆ’ ಹೋಗಿ ‘ಶುಕ್ರವಾರ’ ಎಂದು ಬಂತು. ತಡವಾದರೂ ಈಗ ಲೆಕ್ಕ ಸರಿಹೋಯಿತು.

ಹಣ ಮತ್ತು ಕೊನೆಯ ಗುಂಡಿ

Add to Cart ಎಂದರೆ ವಸ್ತುವನ್ನು ಬುಟ್ಟಿಗೆ ಹಾಕಿಡುವುದು. ಅದನ್ನು ಒತ್ತಿದರೆ ಇನ್ನೂ ಏನೂ ಕೊಂಡಂತಲ್ಲ. Buy Now ಒತ್ತಿದರೆ ನೇರವಾಗಿ ವಿಳಾಸ, ಹಣದ ಪುಟಕ್ಕೆ ಹೋಗುತ್ತದೆ. ಆರ್ಡರ್ ನಿಜವಾಗಿ ಆಗುವುದು ಕೊನೆಯಲ್ಲಿ ಬರುವ Place Order ಗುಂಡಿಯನ್ನು ಒತ್ತಿದಾಗ ಅಥವಾ ಹಣ ಪಾವತಿಯಾದಾಗ. ಅಲ್ಲಿಯವರೆಗೆ ಎಷ್ಟು ಸಲ ಬೇಕಾದರೂ ಹಿಂದೆ ಹೋಗಬಹುದು.

ಕೊನೆಯ ಗುಂಡಿಗೆ ಮೊದಲು ಎಲ್ಲವನ್ನೂ ಒಟ್ಟಿಗೆ ತೋರಿಸುವ ಪುಟವೊಂದು ಬರುತ್ತದೆ. ಅವಸರ ಮಾಡದೆ ಓದಬೇಕಾದ ಪುಟ ಇದೇ. ವಿಳಾಸದ ಪಿನ್‌ಕೋಡ್ ಸರಿ ಇದೆಯೇ, ಎಷ್ಟು ವಸ್ತು, ಒಟ್ಟು ಎಷ್ಟು ಹಣ ಎಂದು ಮೂರನ್ನು ನೋಡಿದರೆ ಸಾಕು. ಪರದೆ ನಿಧಾನವಾಗಿದೆ ಎಂದು ಗುಂಡಿಯನ್ನು ಎರಡು ಸಲ ಒತ್ತಿದ್ದರೆ ಬುಟ್ಟಿಯಲ್ಲಿ ಒಂದರ ಬದಲು ಎರಡು ಗ್ಯಾಸ್ಕೆಟ್ ಇರಬಹುದು. ಹಣದಲ್ಲೂ ಬೇರೆ ಬೇರೆ ಸಾಲುಗಳಿರುತ್ತವೆ. ಗ್ಯಾಸ್ಕೆಟ್ಟಿಗೆ 165 ರೂಪಾಯಿ, ಡೆಲಿವರಿಗೆ 40, ಮನೆಬಾಗಿಲಲ್ಲಿ ಹಣ ಕೊಡುವುದಕ್ಕೆ 10 ಎಂದಿದ್ದರೆ ಕೈಬಿಟ್ಟು ಹೋಗುವುದು 215. ಸಣ್ಣ ಮೊತ್ತದ ಆರ್ಡರಿಗೆ ಡೆಲಿವರಿ ಶುಲ್ಕ ಬೀಳುವುದು ಸಾಮಾನ್ಯ. ಪೇಟೆಯ ಪಾತ್ರೆ ಅಂಗಡಿಯಲ್ಲಿ ಎಷ್ಟಕ್ಕೆ ಸಿಗುತ್ತದೆ ಎಂದು ಹೋಲಿಸುವಾಗ ಹಿಡಿಯಬೇಕಾದದ್ದು ಈ ಒಟ್ಟು ಮೊತ್ತವನ್ನು.

ಕೇಳದ ಸಾಲೇನಾದರೂ ಸೇರಿಕೊಂಡಿದ್ದರೆ, ಅಂದರೆ ಐದೋ ಹತ್ತೋ ರೂಪಾಯಿಯ ದೇಣಿಗೆ, ವಿಮೆ, ಸದಸ್ಯತ್ವ ಎಂಬಂಥದು ಇದ್ದರೆ, ಅದರ ಮುಂದಿನ ಟಿಕ್ ತೆಗೆದುಹಾಕಬೇಕು. ಗ್ರಾಹಕರ ಒಪ್ಪಿಗೆಯನ್ನು ಮೊದಲೇ ಟಿಕ್ ಹಾಕಿಟ್ಟು ಪಡೆಯುವಂತಿಲ್ಲ ಎಂದು 2020ರ ಇ-ವಾಣಿಜ್ಯ ಗ್ರಾಹಕ ರಕ್ಷಣಾ ನಿಯಮಗಳು ಹೇಳುತ್ತವೆ. ಹೇಳದೆ ಕೇಳದೆ ಬುಟ್ಟಿಗೆ ವಸ್ತು ಸೇರಿಸುವುದನ್ನು 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯೂ ನಿಷೇಧಿಸಿದೆ. ಹಾಗಿದ್ದರೂ ಟಿಕ್‌ಗಳನ್ನು ಕಣ್ಣಾರೆ ನೋಡಿಕೊಳ್ಳುವುದು ತಪ್ಪುವುದಿಲ್ಲ.

ಮೊದಲ ಆರ್ಡರಿಗೆ ಒಗ್ಗುವುದು ಕ್ಯಾಶ್ ಆನ್ ಡೆಲಿವರಿ, ಅಂದರೆ ಪಾರ್ಸೆಲ್ ಕೈಗೆ ಬಂದಾಗ ಹಣ ಕೊಡುವ ಕ್ರಮ. ಕಾರ್ಡ್, ಯುಪಿಐ ಯಾವುದನ್ನೂ ಆ್ಯಪಿನಲ್ಲಿ ತುಂಬಬೇಕಿಲ್ಲ, ವಿಳಾಸ ತಪ್ಪಾಗಿ ಆರ್ಡರ್ ರದ್ದು ಮಾಡಿದರೆ ಹಣ ವಾಪಸ್ ಬರಲೆಂದು ಕಾಯಬೇಕಿಲ್ಲ. ಈ ಆಯ್ಕೆ ಎಲ್ಲ ವಸ್ತುವಿಗೂ ಎಲ್ಲ ಊರಿಗೂ ಇರುವುದಿಲ್ಲ. ಯುಪಿಐ ಬಳಸುವವರು ಒಂದನ್ನು ನೆನಪಿಡಬೇಕು: ಯುಪಿಐ ಪಿನ್ ಒತ್ತುವುದು ಹಣ ಕೊಡುವುದಕ್ಕೆ ಮಾತ್ರ. ಹಣ ಬರಬೇಕಾದಾಗ ಪಿನ್ ಒತ್ತುವ ಪ್ರಸಂಗವೇ ಇಲ್ಲ.

ಪಾರ್ಸೆಲ್ ಎಲ್ಲಿದೆ

ಆರ್ಡರ್ ಆದೊಡನೆ ಅದಕ್ಕೊಂದು ಉದ್ದನೆಯ ಸಂಖ್ಯೆ ಸಿಗುತ್ತದೆ. ಅದು ಬಸ್ಸಿನ ಲಗೇಜು ಚೀಟಿ ಇದ್ದ ಹಾಗೆ. ಬಾಯಿಪಾಠ ಮಾಡಬೇಕಿಲ್ಲ, My Orders ಅಥವಾ ‘ನನ್ನ ಆರ್ಡರ್‌ಗಳು’ ಎಂಬ ಪುಟದಲ್ಲಿ ಅದು ಯಾವಾಗಲೂ ಇರುತ್ತದೆ. ಆ ಪುಟದಲ್ಲಿ ವಸ್ತುವಿನ ಮೇಲೆ ಒತ್ತಿದರೆ ಮೇಲಿನಿಂದ ಕೆಳಕ್ಕೆ ಒಂದು ಗೆರೆ, ಅದರ ಮೇಲೆ ಬಸ್ ನಿಲ್ದಾಣಗಳ ಹಾಗೆ ಚುಕ್ಕಿಗಳು ಕಾಣುತ್ತವೆ. ಪಾರ್ಸೆಲ್ ಮುಂದೆ ಸಾಗಿದಂತೆ ಗೆರೆಗೆ ಬಣ್ಣ ತುಂಬುತ್ತ ಬರುತ್ತದೆ.

ಶಿಕ್ಷಕಿ ಸೋಮವಾರ ರಾತ್ರಿ ಆರ್ಡರ್ ಮಾಡಿದರು. ಆಗ Ordered ಎಂಬ ಮೊದಲ ಚುಕ್ಕಿಗೆ ಬಣ್ಣ ಬಂತು. ಮಾರುವವರಿಗೆ ಸುದ್ದಿ ಮುಟ್ಟಿದೆ ಎಂದಷ್ಟೇ ಅದರ ಅರ್ಥ. ವಿಳಾಸದಲ್ಲಿ ತಪ್ಪು ಕಂಡರೆ ತಿದ್ದಲು ಒಳ್ಳೆಯ ಹೊತ್ತು ಇದೇ. ಕೆಲವು ಆ್ಯಪ್‌ಗಳಲ್ಲಿ ಇದೇ ಪುಟದಲ್ಲಿ ವಿಳಾಸ ಬದಲಿಸುವ ಗುಂಡಿ ಇರುತ್ತದೆ. ಬೇರೆ ಊರಿಗೆ ಬದಲಿಸಲು ಆಗದಿದ್ದರೆ ಆರ್ಡರ್ ರದ್ದು ಮಾಡಿ ಹೊಸದಾಗಿ ಮಾಡುವುದೇ ನೇರ ದಾರಿ.

ಮಂಗಳವಾರ ಸಂಜೆ Shipped ಎಂದಾಯಿತು. ಪಾರ್ಸೆಲ್ ಕಟ್ಟಿ ಸಾಗಣೆಯವರ ಕೈಗೆ ಕೊಟ್ಟಾಗಿದೆ. ಇಲ್ಲಿಂದ ಮುಂದೆ ವಿಳಾಸ ಬದಲಿಸುವುದು ಸಾಮಾನ್ಯವಾಗಿ ಆಗದು, ಏಕೆಂದರೆ ವಿಳಾಸದ ಚೀಟಿ ಪಾರ್ಸೆಲಿನ ಮೇಲೆ ಅಂಟಿದೆ. ಬುಧವಾರ ಬೆಂಗಳೂರಿನ ವಿಂಗಡಣಾ ಕೇಂದ್ರದ ಹೆಸರು ಕಂಡಿತು. ‘ಮತ್ತೆ ಬೆಂಗಳೂರಿಗೇ ಹೋಯಿತಲ್ಲ’ ಎಂದು ಗಾಬರಿಯಾಗುವುದು ಇಲ್ಲಿಯೇ. ಸಾಗರಕ್ಕೆ ಬರುವ ಪಾರ್ಸೆಲ್ ಬೆಂಗಳೂರು, ಶಿವಮೊಗ್ಗ ಹೀಗೆ ದೊಡ್ಡ ಕೇಂದ್ರಗಳನ್ನು ಮುಟ್ಟಿಕೊಂಡು ಬರಬಹುದು. ಕೆಳಗೆ ಬರೆದಿರುವ ಕೊನೆಯ ವಿಳಾಸ 577401 ಎಂದೇ ಇದ್ದರೆ ದಾರಿ ಸರಿಯಾಗಿದೆ. ಗುರುವಾರ ಶಿವಮೊಗ್ಗ ಬಂತು.

ಒಂದು ದಿನ ಗೆರೆ ಅಲ್ಲಾಡದಿದ್ದರೆ ಅದು ಕಳೆದುಹೋಗಿದೆ ಎಂದಲ್ಲ. ಪಾರ್ಸೆಲಿನ ಚೀಟಿಯನ್ನು ಒಂದೊಂದು ಕೇಂದ್ರದಲ್ಲಿ ಸ್ಕ್ಯಾನ್ ಮಾಡಿದಾಗ ಸುದ್ದಿ ಬರುತ್ತದೆ. ಲಾರಿಯಲ್ಲಿರುವಷ್ಟು ಹೊತ್ತು ಹೊಸ ಸುದ್ದಿ ಇರುವುದಿಲ್ಲ. ಹೇಳಿದ ದಿನ ದಾಟಿದ ಮೇಲೂ ಗೆರೆ ನಿಂತಲ್ಲೇ ನಿಂತಿದ್ದರೆ ಆಗ ಅದೇ ಪುಟದ Help ಗುಂಡಿ ಒತ್ತಿ ವಿಚಾರಿಸಬೇಕು.

ಶುಕ್ರವಾರ ಬೆಳಿಗ್ಗೆ Out for Delivery ಎಂದು ಬಂತು. ಪಾರ್ಸೆಲ್ ಊರಿನ ಕೇಂದ್ರದಿಂದ ಹೊರಟು ಡೆಲಿವರಿಯವರ ಚೀಲದಲ್ಲಿದೆ, ಅಂದೇ ಯಾವುದೋ ಹೊತ್ತಿನಲ್ಲಿ ಬರಲಿದೆ ಎಂದರ್ಥ. ಆ ದಿನ ಫೋನ್ ಸೈಲೆಂಟಿನಲ್ಲಿರಬಾರದು, ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೂ ಎತ್ತಿಕೊಳ್ಳಬೇಕು. ಮನೆಯಲ್ಲಿ ಯಾರೂ ಸಿಗದಿದ್ದರೆ ಪುಟದಲ್ಲಿ ‘ಪ್ರಯತ್ನಿಸಲಾಯಿತು’ ಎಂದು ಬರುತ್ತದೆ. ಸಾಮಾನ್ಯವಾಗಿ ಮತ್ತೊಂದು ದಿನ ತರುತ್ತಾರೆ, ಕೆಲವು ಸಲ ಪ್ರಯತ್ನಿಸಿಯೂ ಸಿಗದಿದ್ದರೆ ಪಾರ್ಸೆಲ್ ಮಾರಿದವರಿಗೇ ವಾಪಸ್ ಹೋಗುತ್ತದೆ.

ಮಾರಾಟಗಾರರು ಅಂಚೆ ಮೂಲಕ ಕಳಿಸಿದ್ದರೆ ಹದಿಮೂರು ಅಕ್ಷರ ಮತ್ತು ಅಂಕಿಗಳ ಸಂಖ್ಯೆಯೊಂದು ಸಿಗುತ್ತದೆ: ಮೊದಲು ಎರಡು ಇಂಗ್ಲಿಷ್ ಅಕ್ಷರ, ನಡುವೆ ಒಂಬತ್ತು ಅಂಕಿ, ಕೊನೆಗೆ IN. ಅದನ್ನು ಅಂಚೆ ಇಲಾಖೆಯ indiapost.gov.in ಎಂಬ ತಾಣದಲ್ಲಿ ಹಾಕಿ ನೋಡಬಹುದು. ಅದು ಕಷ್ಟವೆನಿಸಿದರೆ ಸಂಖ್ಯೆಯನ್ನು ಬರೆದುಕೊಂಡು ಹತ್ತಿರದ ಅಂಚೆ ಕಚೇರಿಗೆ ಹೋಗಿ ಕೇಳಬಹುದು.

ಬಾಗಿಲಲ್ಲಿ

ಕೆಲವು ಆರ್ಡರುಗಳಿಗೆ, ಮುಖ್ಯವಾಗಿ ಬೆಲೆಬಾಳುವ ವಸ್ತುಗಳಿಗೆ, ಡೆಲಿವರಿಯ ಹೊತ್ತಿಗೆ ಇನ್ನೊಂದು ಒಟಿಪಿ ಬರುತ್ತದೆ. ಇದನ್ನು ಡೆಲಿವರಿಯವರಿಗೆ ಹೇಳಲೇಬೇಕು. ಪಾರ್ಸೆಲ್ ಸರಿಯಾದವರ ಕೈ ಸೇರಿತು ಎಂಬುದಕ್ಕೆ ಅದು ಸಹಿಯಿದ್ದಂತೆ. ಹಾಗಿದ್ದರೆ ಒಟಿಪಿ ಯಾರಿಗೂ ಹೇಳಬಾರದು ಎಂಬ ಮಾತು? ಎರಡೂ ನಿಜ. ಪಾರ್ಸೆಲ್ ಕಣ್ಣೆದುರು ಇದೆ, ಅದರ ಮೇಲೆ ಹೆಸರು, ವಿಳಾಸ ಸರಿ ಇದೆ, ‘ನನ್ನ ಆರ್ಡರ್‌ಗಳು’ ಪುಟದಲ್ಲಿ ಆ ವಸ್ತು ಇದೆ, ಬಂದ ಎಸ್‌ಎಂಎಸ್ ‘ಡೆಲಿವರಿಗಾಗಿ’ ಎಂದೇ ಹೇಳುತ್ತಿದೆ ಎಂದಾದಾಗ ಮಾತ್ರ ಹೇಳಬೇಕು. ‘ದಾರಿಯಲ್ಲಿದ್ದೇನೆ, ಒಟಿಪಿ ಈಗಲೇ ಹೇಳಿಬಿಡಿ’ ಎಂದರೆ ‘ಬನ್ನಿ, ಕೈಗೆ ಕೊಟ್ಟ ಮೇಲೆ ಹೇಳುತ್ತೇನೆ’ ಎಂದರಾಯಿತು. ಒಟಿಪಿ ಬಂದ ಸಂದೇಶವನ್ನು ಪೂರ್ತಿ ಓದುವ ಅಭ್ಯಾಸ ಬೇಕು. ಅದು ಯಾವುದಕ್ಕೆ ಎಂದು ಅದರಲ್ಲೇ ಬರೆದಿರುತ್ತದೆ.

ಆರ್ಡರ್ ಮಾಡದ ಪಾರ್ಸೆಲ್ ತಂದು ‘ನಿಮ್ಮ ಮಗ ಬುಕ್ ಮಾಡಿದ್ದಾರೆ, 500 ರೂಪಾಯಿ ಕೊಡಿ’ ಎನ್ನುವ ಮೋಸವೂ ಇದೆ. ಪುಟದಲ್ಲಿ ಆ ಆರ್ಡರ್ ಇಲ್ಲದಿದ್ದರೆ, ಮಗನಿಗೆ ಫೋನ್ ಮಾಡಿ ಕೇಳಿದಾಗ ಅವನೂ ಇಲ್ಲವೆಂದರೆ, ಪಾರ್ಸೆಲನ್ನು ತೆಗೆದುಕೊಳ್ಳದೆ ಕಳಿಸಿಬಿಡಬೇಕು.

ಪಾರ್ಸೆಲ್ ಬಿಚ್ಚುವಾಗ ಫೋನಿನಲ್ಲಿ ವಿಡಿಯೊ ಮಾಡಿಟ್ಟುಕೊಂಡರೆ, ಒಡೆದ ಅಥವಾ ಬೇರೆ ವಸ್ತು ಬಂದಾಗ ತೋರಿಸಲು ಆಧಾರ ಸಿಗುತ್ತದೆ. ಗ್ಯಾಸ್ಕೆಟ್ಟನ್ನು ಮೊದಲು ಒಣ ಮುಚ್ಚಳಕ್ಕೆ ಕೂರಿಸಿ ನೋಡಬೇಕು. ಒಮ್ಮೆ ಅಡುಗೆಗೆ ಬಳಸಿದ್ದನ್ನು ವಾಪಸ್ ತೆಗೆದುಕೊಳ್ಳುವುದು ಅನುಮಾನ. ಅಳತೆ ಹೊಂದದಿದ್ದರೆ ಅದೇ ಪುಟದಲ್ಲಿ Return ಗುಂಡಿ ಒತ್ತಿ ಕಾರಣ ಆರಿಸಬೇಕು.

ದಾರಿ ತಪ್ಪಿದಾಗ, ದಾರಿ ತಪ್ಪಿಸುವಾಗ

ಪುಟದಲ್ಲಿ Delivered ಎಂದಿದೆ, ಮನೆಗೆ ಮಾತ್ರ ಏನೂ ಬಂದಿಲ್ಲ ಎಂಬುದು ಆಗಾಗ ಕೇಳಿಬರುವ ದೂರು. ಮೊದಲು ಪಕ್ಕದ ಮನೆ, ಹತ್ತಿರದ ಅಂಗಡಿ, ಅಪಾರ್ಟ್‌ಮೆಂಟಾದರೆ ಕಾವಲುಗಾರರನ್ನು ಕೇಳಬೇಕು. ಯಾರಿಗೆ ಕೊಟ್ಟರು ಎಂಬ ವಿವರವೋ ಚಿತ್ರವೋ ಕೆಲವು ಆ್ಯಪ್‌ಗಳಲ್ಲಿ ಇರುತ್ತದೆ. ಸಿಗದಿದ್ದರೆ ಅಂದೇ Help ಪುಟದಲ್ಲಿ ‘ಬಂದಿಲ್ಲ’ ಎಂದು ದಾಖಲಿಸಬೇಕು, ಇದಕ್ಕೆ ದಿನಗಳ ಮಿತಿ ಇರುವುದರಿಂದ ‘ನಾಳೆ ನೋಡೋಣ’ ಎನ್ನಬಾರದು. ಕಂಪನಿಯ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ಮುಟ್ಟಿದ್ದಕ್ಕೆ ಉತ್ತರಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು ಎಂದು 2020ರ ನಿಯಮಗಳಲ್ಲೇ ಇದೆ. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಕಂಪನಿಯ ಫೋನ್ ನಂಬರನ್ನು ಗೂಗಲ್‌ನಲ್ಲಿ ಹುಡುಕಿ ಕರೆ ಮಾಡುವುದು ಅಪಾಯದ ಅಭ್ಯಾಸ. ವಂಚಕರು ಅಲ್ಲಿ ತಮ್ಮ ನಂಬರುಗಳನ್ನು ಕಂಪನಿಯ ಹೆಸರಿನಲ್ಲಿ ತೂರಿಸಿರುತ್ತಾರೆ. ಸಹಾಯ ಬೇಕಾದವರು ಆ್ಯಪಿನೊಳಗಿನಿಂದಲೇ ಕರೆಯನ್ನೋ ಚಾಟನ್ನೋ ಶುರುಮಾಡಬೇಕು.

ವಿಳಾಸ ಮತ್ತು ಪಾರ್ಸೆಲಿನ ಕಾಯುವಿಕೆಯನ್ನೇ ಗಾಳವಾಗಿಸಿಕೊಂಡ ಮೋಸವೊಂದಿದೆ. ‘ನಿಮ್ಮ ಪಾರ್ಸೆಲ್ ಗೋದಾಮಿಗೆ ಬಂದಿದೆ, ವಿಳಾಸ ಅಪೂರ್ಣವಾಗಿದೆ, 12 ಗಂಟೆಯೊಳಗೆ ಈ ಲಿಂಕಿನಲ್ಲಿ ಸರಿಪಡಿಸಿ’ ಎಂದು ಎಸ್‌ಎಂಎಸ್ ಬರುತ್ತದೆ. ಅಂಚೆ ಇಲಾಖೆಯ ಹೆಸರಿನಲ್ಲೂ ಇಂಥ ಸಂದೇಶಗಳು ಹರಿದಾಡಿ, ಅವು ನಕಲಿ ಎಂದು ಕೇಂದ್ರ ಸರ್ಕಾರದ ವಾರ್ತಾ ಶಾಖೆ ಎಚ್ಚರಿಸಿದೆ. ಲಿಂಕ್ ಒತ್ತಿದರೆ ಅಂಚೆಯ ತಾಣದಂತೆಯೇ ಕಾಣುವ ಪುಟ ತೆರೆದು, ವಿಳಾಸ ಕೇಳಿ, ಕೊನೆಗೆ ಮರುಡೆಲಿವರಿಗೆಂದು ಕೆಲವೇ ರೂಪಾಯಿ ಕೇಳುತ್ತದೆ. ಅವರಿಗೆ ಬೇಕಾದದ್ದು ಆ ಚಿಲ್ಲರೆಯಲ್ಲ, ಅದನ್ನು ಕೊಡಲು ತುಂಬುವ ಕಾರ್ಡಿನ ವಿವರ. ಇಂಥ ಸಂದೇಶ ಹತ್ತಂಕಿಯ ಮೊಬೈಲ್ ನಂಬರಿನಿಂದಲೋ ವಿದೇಶದ ನಂಬರಿನಿಂದಲೋ ಬಂದಿದ್ದರೆ ಅದೊಂದು ಸುಳಿವು. ಕಂಪನಿಗಳ ಎಸ್‌ಎಂಎಸ್ ಇಂಗ್ಲಿಷ್ ಅಕ್ಷರಗಳ ಹೆಸರಿನಿಂದ ಬರುತ್ತವೆ.

ನಿಜವೋ ಸುಳ್ಳೋ ಎಂದು ಪರೀಕ್ಷಿಸಲು ಸಂದೇಶವನ್ನು ಮತ್ತೆ ಮತ್ತೆ ಓದಬೇಕಿಲ್ಲ. ಅದನ್ನು ಅಲ್ಲೇ ಬಿಟ್ಟು ಆ್ಯಪ್ ತೆರೆದು ‘ನನ್ನ ಆರ್ಡರ್‌ಗಳು’ ಪುಟ ನೋಡಬೇಕು. ವಿಳಾಸದಲ್ಲಿ ನಿಜವಾಗಿ ತೊಂದರೆಯಿದ್ದರೆ ಅದು ಅಲ್ಲಿಯೂ ಕಾಣುತ್ತದೆ. ಅಂಚೆಯಲ್ಲಿ ಬರುವ ಪಾರ್ಸೆಲಾದರೆ ಹದಿಮೂರರ ಸಂಖ್ಯೆ ಹಾಕಿ ಅಂಚೆಯ ತಾಣದಲ್ಲೇ ನೋಡಬೇಕು. ಅಕಸ್ಮಾತ್ ಲಿಂಕಿನಲ್ಲಿ ವಿವರ ತುಂಬಿ ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ ದೂರು ಕೊಡಬೇಕು, ಬ್ಯಾಂಕಿಗೆ ತಿಳಿಸಿ ಕಾರ್ಡ್ ನಿಲ್ಲಿಸಬೇಕು. ತಡವಾದಷ್ಟೂ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುತ್ತ ಹೋಗಿ, ತಡೆಹಿಡಿಯುವುದು ಕಷ್ಟವಾಗುತ್ತದೆ.

ಶುಕ್ರವಾರ ಮಧ್ಯಾಹ್ನ ಸಾಗರದ ಹಸಿರು ಗೇಟಿನ ಮುಂದೆ ಬೈಕ್ ನಿಂತಾಗ ಹುಡುಗ ಗಿರಣಿಯಲ್ಲಿ ಒಮ್ಮೆ ಕೇಳಿಯೇ ಬಂದಿದ್ದ. ಶಿಕ್ಷಕಿ 215 ರೂಪಾಯಿ ಎಣಿಸಿ ಕೊಟ್ಟರು. ಸ್ವಲ್ಪ ಹೊತ್ತಿಗೆ ಪುಟದ ಕೊನೆಯ ಚುಕ್ಕಿಗೂ ಬಣ್ಣ ತುಂಬಿ Delivered ಎಂದು ಬಂತು.